ಒಂಬತ್ತು ದಿನದ ಚಾಟ್, ಒಂದು ಇಮೇಲ್: ಬಾಕ್ಸ್ ಆರ್ಡರ್‌ನ ಪ್ರಕರಣ

ಸಾಬೂನು ಮಾಡುವ ಒಂದು ಸಣ್ಣ ಕಂಪನಿ. ಅದಕ್ಕೆ ರಟ್ಟಿನ ಬಾಕ್ಸ್ ಪ್ರಿಂಟ್ ಮಾಡಿಕೊಡುವ ಒಂದು ಪ್ರೆಸ್. ಇಬ್ಬರ ನಡುವೆ ಒಂದು ವಾಟ್ಸಾಪ್ ಗುಂಪು. ಅದರಲ್ಲಿ ನಾಲ್ಕು ಜನ: ಕಂಪನಿ ಕಡೆಯಿಂದ ಖರೀದಿ ಮ್ಯಾನೇಜರ್ ಮತ್ತು ಡಿಸೈನರ್, ಪ್ರೆಸ್ ಕಡೆಯಿಂದ ಮಾಲೀಕರು ಮತ್ತು ಪ್ರೊಡಕ್ಷನ್ ನೋಡಿಕೊಳ್ಳುವವರು. ಇಂಥ ಹಲವು ಆರ್ಡರ್‌ಗಳಲ್ಲಿ ಆಗುವುದನ್ನು ಒಂದೇ ಆರ್ಡರ್‌ಗೆ ಸೇರಿಸಿ ಕಟ್ಟಿದ ಪ್ರಕರಣ ಇದು. ಹಾಗಾಗಿ ಹೆಸರುಗಳಿಲ್ಲ, ಹುದ್ದೆಗಳು ಮಾತ್ರ.

ಮಾತು ಶುರುವಾದದ್ದು 2025ರ ಮಾರ್ಚ್ 3, ಸೋಮವಾರ. ಮುಗಿದದ್ದು 11, ಮಂಗಳವಾರ. ಕೊನೆಯ ಎರಡು ಮೆಸೇಜ್ ಹೀಗಿದ್ದವು. ಮ್ಯಾನೇಜರ್: "ಹಾಗಾದ್ರೆ ಶುರು ಮಾಡಿ ಸರ್." ಮಾಲೀಕರು: "ಆಯ್ತು ಸರ್." ಇಬ್ಬರೂ ಎಲ್ಲ ತೀರ್ಮಾನವಾಯಿತು ಅಂದುಕೊಂಡರು. ಮ್ಯಾನೇಜರ್ ಅವತ್ತೇ ಮಧ್ಯಾಹ್ನ ಒಂದು ಮೇಲ್ ಬರೆದರು:

> ನಮ್ಮ ವಾಟ್ಸಾಪ್ ಮಾತುಕತೆಯ ಪ್ರಕಾರ: 15,000 ಬಾಕ್ಸ್, ರೇಟ್‌ನಲ್ಲಿ 8% ಕಡಿಮೆ, ಹೊಸ ಡೈ ನಿಮ್ಮ ಖರ್ಚು, 27ಕ್ಕೆ ಡೆಲಿವರಿ, 40% ಮುಂಗಡ, ಉಳಿದದ್ದು 30 ದಿನದಲ್ಲಿ. ದಯವಿಟ್ಟು ಖಚಿತಪಡಿಸಿ.

ನೋಡಲು ಚೆನ್ನಾಗಿದೆ. ಚಿಕ್ಕದು, ಸ್ಪಷ್ಟ. ಆದರೆ ಚಾಟ್ ಪಕ್ಕದಲ್ಲಿಟ್ಟು ಓದಿದರೆ ಈ ಆರರಲ್ಲಿ ಒಂದೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಮ್ಯಾನೇಜರ್ ಸುಳ್ಳು ಬರೆದಿರಲಿಲ್ಲ. ತಮ್ಮ ತಲೆಯಲ್ಲಿ ಇದ್ದದ್ದನ್ನು ಬರೆದಿದ್ದರು. ಪ್ರೆಸ್ ಮಾಲೀಕರು ಅದೇ ಹೊತ್ತಿಗೆ ತಮ್ಮ ಕಡೆಯಿಂದ ಬರೆದಿದ್ದರೆ ಬೇರೆಯದೇ ಆರು ಸಾಲು ಬರುತ್ತಿತ್ತು. ಅದೃಷ್ಟಕ್ಕೆ ಈ ಮೇಲ್ ಡ್ರಾಫ್ಟ್‌ನಲ್ಲೇ ಉಳಿಯಿತು. ಹಣ ಹೋಗಿರಲಿಲ್ಲ, ರಟ್ಟು ಕತ್ತರಿಸುವ ಡೈನ ಕೆಲಸವೂ ಶುರುವಾಗಿರಲಿಲ್ಲ. ದಾಖಲೆಯ ಮೇಲ್ ಬರೆಯಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಮಾತು ಮುಗಿದಿರಬೇಕು, ಖರ್ಚು ಶುರುವಾಗಿರಬಾರದು.

ಮೊದಲು ಚಾಟ್ ಕೈಗೆ ಬರಲಿ

ಫೋನ್‌ನಲ್ಲಿ ಮೇಲೆ ಕೆಳಗೆ ಸ್ಕ್ರಾಲ್ ಮಾಡುತ್ತಾ ಮೇಲ್ ಬರೆದರೆ ನೆನಪು ಬರೆಯುತ್ತದೆ, ಚಾಟ್ ಅಲ್ಲ. ಅದಕ್ಕೆ ಚಾಟ್ ಹೊರಗೆ ತೆಗೆಯಬೇಕು. ವಾಟ್ಸಾಪ್‌ನಲ್ಲಿ `Export chat` ಅಂತ ಒಂದು ಆಯ್ಕೆ ಇದೆ. ಅದು ಇಡೀ ಮಾತುಕತೆಯನ್ನು ಒಂದು `.txt` ಫೈಲ್ ಮಾಡಿ ಕೊಡುತ್ತದೆ. ಪ್ರತಿ ಸಾಲಿಗೂ ದಿನಾಂಕ, ಸಮಯ, ಹೆಸರು ಇರುತ್ತದೆ. ಗುಂಪಿನಲ್ಲಿ ಮೆಸೇಜ್ ತಾನಾಗಿ ಮಾಯವಾಗುವ ಸೆಟ್ಟಿಂಗ್ ಹಾಕಿದ್ದರೆ ಕೆಲಸ ಇನ್ನೂ ಅವಸರದ್ದು. ಅದರಲ್ಲಿ 24 ಗಂಟೆ, 7 ದಿನ, 90 ದಿನ ಅಂತ ಮೂರು ಆಯ್ಕೆಗಳಿವೆ. ಈ ಗುಂಪಿನಲ್ಲಿ 7 ದಿನ ಹಾಕಿದ್ದಿದ್ದರೆ 11ನೇ ತಾರೀಖಿಗೆ ಮೊದಲ ದಿನದ ಮಾತು ಹೋಗಿಯೇ ಬಿಡುತ್ತಿತ್ತು.

ಈ ಫೈಲ್ ಸಿಕ್ಕ ಕೂಡಲೇ ಎಲ್ಲ ಸಿಕ್ಕಿತು ಅಂದುಕೊಳ್ಳಬಾರದು. ಯಾವ ಮೆಸೇಜ್‌ಗೆ ಉತ್ತರವಾಗಿ ಇದನ್ನು ಬರೆದರು ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಫೋನ್‌ನಲ್ಲಿ ಮೆಸೇಜ್ ಮೇಲೆ ಒಂದು ಪುಟ್ಟ ಚೌಕದಲ್ಲಿ ಹಳೆಯ ಮಾತು ತೋರುತ್ತದಲ್ಲ, ಅದು ಫೈಲ್‌ಗೆ ಬರುವುದಿಲ್ಲ. ಮೆಸೇಜ್‌ಗೆ ಅಂಟಿಸಿದ ಹೆಬ್ಬೆರಳು, ನಗುಮುಖಗಳೂ ಬರುವುದಿಲ್ಲ. ಅಂದರೆ ಒಪ್ಪಿಗೆ ತೋರಿಸುವ ಮುಖ್ಯ ಗುರುತುಗಳೇ ಕಾಣೆ. ಅಂಥ ಜಾಗಗಳದ್ದು ಸ್ಕ್ರೀನ್‌ಶಾಟ್ ಬೇರೆ ತೆಗೆದಿಡಬೇಕು. ವಾಯ್ಸ್ ನೋಟ್ ಇದ್ದರೆ ಕೂತು ಕೇಳಿ, ಮಾತನ್ನು ಇದ್ದ ಹಾಗೇ ಬರೆದುಕೊಳ್ಳಬೇಕು.

ದಿನಾಂಕದಲ್ಲೂ ಒಂದು ಎಡವಟ್ಟಿದೆ. ಫೋನ್‌ನ ಸೆಟ್ಟಿಂಗ್ ನೋಡಿ ಫೈಲ್‌ನಲ್ಲಿ 6/3/25 ಅಂತ ಬರಬಹುದು, 3/6/25 ಅಂತಲೂ ಬರಬಹುದು. ಒಬ್ಬರಿಗೆ ಅದು ಮಾರ್ಚ್ 6, ಇನ್ನೊಬ್ಬರಿಗೆ ಜೂನ್ 3. ಮೇಲ್‌ನಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆದರೆ ಈ ತಲೆನೋವು ಇರುವುದಿಲ್ಲ.

ಒಂದೊಂದೇ ವಿಷಯ ಹಿಡಿದು ನೋಡಿದಾಗ

ಚಾಟ್ ಹರಿಯುವುದು ಹೊತ್ತಿನ ಪ್ರಕಾರ. ಒಪ್ಪಂದ ನಿಲ್ಲುವುದು ವಿಷಯದ ಪ್ರಕಾರ. ಹಾಗಾಗಿ ಮೊದಲ ಕೆಲಸ ಸಾಲುಗಳನ್ನು ಕಿತ್ತು ವಿಷಯದ ಕೆಳಗೆ ಜೋಡಿಸುವುದು. ಸಂಖ್ಯೆಯ ಬಗ್ಗೆ ಯಾರು ಯಾವಾಗ ಏನು ಹೇಳಿದರು, ರೇಟ್ ಬಗ್ಗೆ ಏನು, ದಿನದ ಬಗ್ಗೆ ಏನು. ಆಮೇಲೆ ಪ್ರತಿ ವಿಷಯಕ್ಕೂ ಒಂದೇ ಪ್ರಶ್ನೆ: ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಒಪ್ಪಿದ ಸಾಲು ಯಾವುದು? ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಲು ಆಗದಿದ್ದರೆ ಅದು ಒಪ್ಪಿದ್ದಲ್ಲ.

ಸಂಖ್ಯೆಯಿಂದಲೇ ಶುರು ಮಾಡೋಣ. 3ರಂದು ಮ್ಯಾನೇಜರ್ ಬರೆದದ್ದು: "10,000 ಬಾಕ್ಸ್ ಬೇಕು, ಹಿಂದಿನ ಸೈಜ್‌ನಲ್ಲೇ, ರೇಟ್ ಹೇಳಿ." ಪ್ರೆಸ್‌ನಿಂದ 118ನೇ ನಂಬರ್ ಕೊಟೇಶನ್ ಬಂತು. ಮಾರನೇ ದಿನ: "15,000 ಆದ್ರೆ ರೇಟ್ ಎಷ್ಟು ಇಳಿಯುತ್ತೆ?" ಅಲ್ಲಿಂದ ಮುಂದೆ ಎಲ್ಲರೂ 15,000 ಅಂತಲೇ ಮಾತಾಡಿದ್ದಾರೆ. ಆದರೆ "15,000 ಮಾಡಿ" ಅಂತ ಮ್ಯಾನೇಜರ್ ಎಲ್ಲೂ ಹೇಳಿಲ್ಲ. ಹೇಳಿದ ಹಾಗೆ ಕಾಣುವ ಒಂದೇ ಸಾಲು ಡಿಸೈನರ್‌ದು: "15,000ಕ್ಕೆ ಆಗುವಷ್ಟು ಇಂಕ್ ಶೇಡ್ ಒಂದೇ ಥರ ಬರಲಿ." ಡಿಸೈನರ್‌ಗೆ ಆರ್ಡರ್ ಕೊಡುವ ಅಧಿಕಾರ ಇಲ್ಲ. ಗುಂಪಿನಲ್ಲಿ ನಾಲ್ಕು ಜನ ಇದ್ದರೂ ಒಪ್ಪಿಗೆ ಕೊಡಬಲ್ಲವರು ಇಬ್ಬರೇ. ಮೇಲ್ ಬರೆಯುವಾಗ ಇದು ಸುಲಭವಾಗಿ ಮರೆತುಹೋಗುತ್ತದೆ, ಯಾಕೆಂದರೆ ಪರದೆಯ ಮೇಲೆ ಎಲ್ಲರ ಮಾತಿಗೂ ಒಂದೇ ತೂಕ.

ರೇಟ್‌ನದ್ದು ಸುಲಭ. ಮಾಲೀಕರು "6 ಪರ್ಸೆಂಟ್ ಕಡಿಮೆ ಮಾಡ್ತೀನಿ" ಅಂದರು. ಮ್ಯಾನೇಜರ್ "8 ಮಾಡಿ" ಅಂದರು. ಉತ್ತರ: "ನೋಡೋಣ ಸರ್", ಜೊತೆಗೆ ಒಂದು ನಗುಮುಖ. ಮ್ಯಾನೇಜರ್ ಆ ನಗುಮುಖವನ್ನು 8 ಅಂತ ಓದಿಕೊಂಡರು. ವ್ಯಾಪಾರ ಮಾಡಿದವರಿಗೆ ಗೊತ್ತು, "ನೋಡೋಣ" ಅಂದರೆ ಸದ್ಯಕ್ಕೆ ಇಲ್ಲ ಅಂತ ಅಲ್ವಾ?

ಡೈ ವಿಷಯ ನಿಜಕ್ಕೂ ಸಿಕ್ಕಾಗಿತ್ತು. ರಟ್ಟನ್ನು ಬಾಕ್ಸ್ ಆಕಾರಕ್ಕೆ ಕತ್ತರಿಸಲು ಆ ಅಳತೆಯದ್ದೇ ಡೈ ಬೇಕು. ಅಳತೆ ಸ್ವಲ್ಪ ಬದಲಾದರೂ ಹಳೆಯದು ಕೆಲಸಕ್ಕೆ ಬರುವುದಿಲ್ಲ. 4ನೇ ತಾರೀಖು ಡಿಸೈನರ್ ಹಾಕಿದ ಫೈಲ್‌ನಲ್ಲಿ ಬಾಕ್ಸ್‌ನ ಎತ್ತರ ಹಿಂದಿನದಕ್ಕಿಂತ 4 ಮಿಲಿಮೀಟರ್ ಜಾಸ್ತಿ ಇತ್ತು. ಪ್ರೊಡಕ್ಷನ್‌ನವರು "ಹೊಸ ಡೈ ಮಾಡಿಸ್ಬೇಕಾಗುತ್ತೆ" ಅಂದರು. ಕೆಳಗೇ ಮ್ಯಾನೇಜರ್ ಅವರ "ಓಕೆ". ಈಗ ಈ ಓಕೆ ಯಾವುದಕ್ಕೆ? ಹೊಸ ಡೈ ಬೇಕು ಅನ್ನುವುದು ಗೊತ್ತಾಯಿತು ಅಂತಲೇ? ಮಾಡಿಸಿ ಅಂತಲೇ? ಅದರ ಖರ್ಚು ನಮ್ಮದು ಅಂತಲೇ? ಮ್ಯಾನೇಜರ್ ಮನಸ್ಸಿನಲ್ಲಿ ಇದ್ದದ್ದು ಮೊದಲನೆಯದು. ಆದರೆ 118ನೇ ಕೊಟೇಶನ್‌ನ ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ "ಡೈ ಚಾರ್ಜ್ ಬೇರೆ" ಅಂತ ಇತ್ತು. ಕೊಟೇಶನ್ ಮತ್ತು ಓಕೆ ಎರಡನ್ನೂ ಒಟ್ಟಿಗೆ ಓದಿದವರಿಗೆ ಖರ್ಚು ಕಂಪನಿಯದೇ ಅಂತ ಕಾಣುತ್ತದೆ. ಮ್ಯಾನೇಜರ್ ಡ್ರಾಫ್ಟ್‌ನಲ್ಲಿ ಅದು ನೇರ ಉಲ್ಟಾ ಆಗಿತ್ತು. ಚಾಟ್‌ಗೆ ಅಂಟಿಸಿದ ಪಿಡಿಎಫ್‌ಗಳನ್ನು ತೆರೆದು ಕೊನೆಯ ಸಾಲಿನ ತನಕ ಓದಬೇಕು ಅನ್ನುವುದು ಇದಕ್ಕೇ.

ದಿನಕ್ಕೆ ಬಂದರೆ, 6ರಂದು ಮ್ಯಾನೇಜರ್ "27ಕ್ಕೆ ಕೈಗೆ ಸಿಗಬೇಕು" ಅಂತ ಬರೆದರು. ಮಾಲೀಕರು ವಾಯ್ಸ್ ನೋಟ್ ಕಳಿಸಿದರು: "ಪೇಪರ್ ಬಂದ್ರೆ 27ಕ್ಕೆ ಕಳಿಸ್ತೀವಿ ಸರ್, ಡಿಸೈನ್ ಮಾತ್ರ 10ರೊಳಗೆ ಫೈನಲ್ ಆಗ್ಬೇಕು." ಅದಕ್ಕೆ ಮ್ಯಾನೇಜರ್ ಹೆಬ್ಬೆರಳು ಅಂಟಿಸಿದರು. ಒಬ್ಬರದು ಕೈಗೆ ಸಿಗುವ ದಿನ, ಇನ್ನೊಬ್ಬರದು ಪ್ರೆಸ್‌ನಿಂದ ಹೊರಡುವ ದಿನ. ಅದರ ಮೇಲೆ ಎರಡು ಷರತ್ತು. ಫೈನಲ್ ಡಿಸೈನ್ ಹೋದದ್ದು 10ರ ಸಂಜೆ 6:20ಕ್ಕೆ. ಪೇಪರ್ ಬಂತೋ ಇಲ್ಲವೋ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಹೆಬ್ಬೆರಳನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕೆನಡಾದ ಸಸ್ಕಾಚೆವಾನ್‌ನಲ್ಲಿ ಧಾನ್ಯ ಕೊಳ್ಳುವ ಒಂದು ಕಂಪನಿ 2021ರಲ್ಲಿ ಒಬ್ಬ ರೈತನಿಗೆ ಅಗಸೆ ಬೀಜದ ಒಪ್ಪಂದದ ಫೋಟೋ ಕಳಿಸಿ, ಖಚಿತಪಡಿಸಿ ಅಂತ ಮೆಸೇಜ್ ಮಾಡಿತು. ರೈತ ಹೆಬ್ಬೆರಳಿನ ಇಮೋಜಿ ಕಳಿಸಿದ. ಬೀಜ ಬರಲಿಲ್ಲ. ಫೋಟೋ ತಲುಪಿತು ಅಂತಷ್ಟೇ ನಾನು ಹೇಳಿದ್ದು ಅಂತ ಅವನ ವಾದ. 2023ರಲ್ಲಿ ಕೋರ್ಟ್ ಆ ಹೆಬ್ಬೆರಳನ್ನು ಸಹಿ ಅಂತಲೇ ಒಪ್ಪಿತು, 82,000 ಕೆನಡಿಯನ್ ಡಾಲರ್‌ಗೂ ಮೇಲೆ ಪರಿಹಾರ ಕೊಡಿಸಿತು. 2024ರಲ್ಲಿ ಮೇಲ್ಮನವಿಯಲ್ಲೂ ಅದೇ ಉಳಿಯಿತು. ಕೋರ್ಟ್ ಇಮೋಜಿಯನ್ನಷ್ಟೇ ನೋಡಲಿಲ್ಲ. ಅದೇ ಇಬ್ಬರು ಹಿಂದೆಯೂ ಹೀಗೆ ಒಂದೊಂದು ಪದದ ಉತ್ತರದಲ್ಲೇ ಒಪ್ಪಂದ ಮುಗಿಸಿ, ಮಾಲು ಕೊಟ್ಟು ತೆಗೆದುಕೊಂಡಿದ್ದರು. ಹೆಬ್ಬೆರಳಿಗೆ ಅರ್ಥ ಬಂದದ್ದು ಆ ರೂಢಿಯಿಂದ. ನಮ್ಮ ಪ್ರಕರಣದ ಇಬ್ಬರೂ ಹಳಬರು. ಹಿಂದಿನ ಆರ್ಡರ್‌ಗಳೂ "ಓಕೆ ಸರ್" ಮೇಲೇ ನಡೆದಿದ್ದವು.

ಇನ್ನು ಹಣ. 7ನೇ ತಾರೀಖಿನ ಮಾತನ್ನು ಇದ್ದ ಹಾಗೇ ಕೊಡುತ್ತೇನೆ.

> ಮ್ಯಾನೇಜರ್: ಮುಂಗಡ 30% ಹಾಕ್ತೀವಿ, ಉಳಿದದ್ದು 30 ದಿನದಲ್ಲಿ.
> ಮಾಲೀಕರು: 50% ಅಡ್ವಾನ್ಸ್ ಬೇಕು ಸರ್.
> ಮ್ಯಾನೇಜರ್: 40.
> ಮಾಲೀಕರು: ಸರಿ. ಬ್ಯಾಲೆನ್ಸ್ ಡೆಲಿವರಿ ಮುಂಚೆ.

ಇದಾದ ಮೇಲೆ ಡಿಸೈನರ್ ಒಂದು ಫೋಟೋ ಹಾಕಿದರು. ಮಾತು ಬಣ್ಣದ ಕಡೆ ಹೊರಳಿತು. ಹಣದ ವಿಷಯ ಮತ್ತೆ ಬರಲೇ ಇಲ್ಲ. ಮ್ಯಾನೇಜರ್ ಕಣ್ಣಿಗೆ ಬಿದ್ದದ್ದು "ಸರಿ" ಮಾತ್ರ. ಆ ಸರಿ ಒಂದು ಷರತ್ತಿನ ಜೊತೆ ಬಂದಿದೆ. 40ಕ್ಕೆ ಒಪ್ಪಿದ್ದು ಉಳಿದದ್ದು ಡೆಲಿವರಿ ಮುಂಚೆ ಬರುತ್ತದೆ ಅನ್ನುವ ಲೆಕ್ಕದ ಮೇಲೆ. ಅಂತರರಾಷ್ಟ್ರೀಯ ಸರಕು ಮಾರಾಟಕ್ಕೆ ಸಂಬಂಧಿಸಿದ 1980ರ ವಿಯೆನ್ನಾ ಒಪ್ಪಂದದ 19ನೇ ವಿಧಿ ಇದನ್ನು ಚೆನ್ನಾಗಿ ಹೇಳುತ್ತದೆ. ಒಪ್ಪಿದೆ ಅನ್ನುತ್ತಲೇ ರೇಟು, ಹಣ ಕೊಡುವ ಬಗೆ, ಸಂಖ್ಯೆ, ಡೆಲಿವರಿಯ ದಿನ ಇಂಥದ್ದನ್ನು ಬದಲಿಸಿದರೆ ಅದು ಒಪ್ಪಿಗೆಯಲ್ಲ, ಹೊಸ ಪ್ರಸ್ತಾಪ. ಆ ಒಪ್ಪಂದ ಎಲ್ಲ ದೇಶಕ್ಕೂ ಎಲ್ಲ ವ್ಯವಹಾರಕ್ಕೂ ಅನ್ವಯಿಸುವುದಿಲ್ಲ. ಆದರೆ ಚಾಟ್ ಓದುವುದು ಹೇಗೆ ಅನ್ನುವುದಕ್ಕೆ ಇದು ಒಳ್ಳೆಯ ಕನ್ನಡಕ.

ಈಗ ಅಪಾಯ ಎಲ್ಲಿದೆ ನೋಡಿ. ಹಣದ ವಿಷಯದಲ್ಲಿ ಕೊನೆಯ ಪ್ರಸ್ತಾಪ ಮಾಲೀಕರದ್ದು. ಮ್ಯಾನೇಜರ್ ಅದಕ್ಕೆ ಸುಮ್ನೆ ಇದ್ದರು. ಸುಮ್ನೆ ಇದ್ದರೆ ಒಪ್ಪಿದ ಹಾಗೆ ಆಗುವುದಿಲ್ಲ, ನಿಜ. ಆದರೆ 11ರಂದು ಅವರೇ "ಶುರು ಮಾಡಿ" ಅಂದುಬಿಟ್ಟರು. ಯಾವ ಮಾತಿನ ಮೇಲೆ ಶುರು ಮಾಡಬೇಕು? ಮೇಜಿನ ಮೇಲೆ ಕೊನೆಗೆ ಉಳಿದಿದ್ದ ಮಾತಿನ ಮೇಲೆ ಅಂತ ಮಾಲೀಕರು ವಾದಿಸಬಹುದು. ಆ ವಾದ ದಡ್ಡತನದ್ದಲ್ಲ. 30 ದಿನ ಅಂತ ಬರೆಯಲು ಹೊರಟಿದ್ದ ಮ್ಯಾನೇಜರ್ ಅವರ ಕೈಯಲ್ಲಿ ಆ ಹೊತ್ತಿಗೆ ಇದ್ದದ್ದು ಬಹುಶಃ ಪೂರ್ತಿ ಉಲ್ಟಾ ಒಪ್ಪಂದ.

ಎಲ್ಲ ಜೋಡಿಸಿ ನೋಡಿದಾಗ ಬೆರಳಿಟ್ಟು ತೋರಿಸಬಹುದಾದದ್ದು ಎರಡೇ. 10ರ ಸಂಜೆ ಹೋದ ಮೂರನೇ ಡಿಸೈನ್ ಫೈನಲ್ ಅನ್ನುವುದು ಒಂದು. ಅದಕ್ಕೆ ಹೊಸ ಡೈ ಬೇಕು ಅನ್ನುವುದು ಇನ್ನೊಂದು. ಉಳಿದದ್ದೆಲ್ಲ ಅರ್ಧ. ಇದರ ಜೊತೆ ಮಾತೇ ಆಡದ ಎರಡು ವಿಷಯಗಳಿದ್ದವು. ಪ್ರಿಂಟಿಂಗ್ ಕೆಲಸದಲ್ಲಿ ಹೇಳಿದ ಸಂಖ್ಯೆಗಿಂತ ಸ್ವಲ್ಪ ಹೆಚ್ಚುಕಡಿಮೆ ಆಗುವುದು ಮಾಮೂಲಿ. ಎಷ್ಟರ ತನಕ ಒಪ್ಪಿಗೆ, ಹೆಚ್ಚು ಬಂದದ್ದಕ್ಕೆ ದುಡ್ಡು ಯಾರದು? ಮತ್ತು ಮಷೀನ್ ಮೇಲೆ ಹಾಕುವ ಮುಂಚೆ ಪ್ರೂಫ್, ಅಂದರೆ ಮಾದರಿ ಪ್ರತಿ, ನೋಡಿ ಸರಿ ಅನ್ನುವವರು ಯಾರು?

ಮೇಲ್‌ನಲ್ಲಿ ಏನು ಹೋಯಿತು

ಕಳಿಸುವ ಮುಂಚೆ ಗುಂಪಿನಲ್ಲಿ ಒಂದು ಮೆಸೇಜ್ ಹೋಯಿತು: "ಸರ್, ಎಲ್ಲಾ ಒಂದೇ ಕಡೆ ಇರಲಿ ಅಂತ ಒಂದು ಮೇಲ್ ಹಾಕ್ತಿದ್ದೀನಿ. ಎರಡು ಮೂರು ವಿಷಯ ನಾವು ಪೂರ್ತಿ ಮಾತಾಡಿಲ್ಲ, ಅದನ್ನೂ ಬರೆದಿದ್ದೀನಿ. ನೋಡಿ ತಿದ್ದಿ." ಇದು ಬೇಕು. ಒಂಬತ್ತು ದಿನ "ಸರ್ ಸರ್" ಅಂತ ನಗುನಗುತ್ತಾ ಮಾತಾಡಿ, ಹತ್ತನೇ ದಿನ ಏಕಾಏಕಿ ಬಿಗಿಯಾದ ಮೇಲ್ ಬಂದರೆ ಎದುರಿನವರಿಗೆ ಏನೋ ಅನುಮಾನ ಬಂದಿದೆ ಅನ್ನಿಸುತ್ತದೆ. ಮೇಲ್‌ನ ಭಾಷೆಯೂ ಅದಕ್ಕೆ ಹೊಂದಬೇಕು. ಮಾಲೀಕರು ಬಳಸಿದ ಮಾತುಗಳನ್ನೇ ಇಡಬೇಕು. ಅವರು ಡೈ ಅಂದಿದ್ದರೆ ಡೈ, ಬ್ಯಾಲೆನ್ಸ್ ಅಂದಿದ್ದರೆ ಬ್ಯಾಲೆನ್ಸ್. ವಕೀಲರ ಭಾಷೆ ಹಾಕಿದರೆ ಅವರು ಅದನ್ನು ತಮ್ಮ ವಕೀಲರಿಗೆ ಕಳಿಸುತ್ತಾರೆ. ಆಮೇಲೆ ಬಾಕ್ಸ್ ಬರುವುದು ಯಾವಾಗ?

ಮೇಲ್ ಹೋದದ್ದು ಮಾಲೀಕರಿಗೆ. ಪ್ರೊಡಕ್ಷನ್‌ನವರು ಮತ್ತು ಕಂಪನಿಯ ಅಕೌಂಟ್ಸ್‌ನವರಿಗೆ ಪ್ರತಿ.

> ವಿಷಯ: ಬಾಕ್ಸ್ ಆರ್ಡರ್, ಕೊಟೇಶನ್ 118 – ಮಾರ್ಚ್ 3ರಿಂದ 11ರ ಮಾತುಕತೆಯ ದಾಖಲೆ – ಮಾರ್ಚ್ 13ರೊಳಗೆ ಉತ್ತರ ಬೇಕು
>
> ನಮಸ್ಕಾರ ಸರ್,
>
> ಈ ಆರ್ಡರ್ ಬಗ್ಗೆ ಮಾರ್ಚ್ 3ರಿಂದ 11ರವರೆಗೆ ವಾಟ್ಸಾಪ್ ಗುಂಪಿನಲ್ಲಿ ಆದ ಮಾತನ್ನು ಒಂದೇ ಕಡೆ ಬರೆದಿದ್ದೇನೆ. ಸರಿ ಇಲ್ಲದ ಸಾಲು ಇದ್ದರೆ ಅದರ ನಂಬರ್ ಹಾಕಿ ತಿದ್ದಿ.
>
> ಮಾತು ಮುಗಿದಿರುವುದು
> 1. ಡಿಸೈನ್: ಮಾರ್ಚ್ 10ರ ಸಂಜೆ 6:20ಕ್ಕೆ ಕಳಿಸಿದ `box_v3.pdf`. ಅದೇ ಫೈಲ್ ಈ ಮೇಲ್‌ಗೆ ಲಗತ್ತಿಸಿದೆ. ಎತ್ತರ ಹಿಂದಿನ ಬಾಕ್ಸ್‌ಗಿಂತ 4 ಮಿಮೀ ಜಾಸ್ತಿ. ಉದ್ದ, ಅಗಲ ಹಿಂದಿನಂತೆ.
> 2. ಈ ಅಳತೆಗೆ ಹೊಸ ಡೈ ಬೇಕು.
>
> ಮಾತಾಡಿದ್ದೇವೆ, ತೀರ್ಮಾನ ಆಗಿಲ್ಲ
> 3. ಸಂಖ್ಯೆ: 15,000 ಅಂತ ಮಾತಾಡಿದೆವು, ಆದರೆ ನಾವು ಆರ್ಡರ್ ಅಂತ ಹೇಳಿರಲಿಲ್ಲ. ಕೆಳಗಿನ ಸಾಲುಗಳು ತೀರ್ಮಾನವಾದರೆ 15,000ಕ್ಕೆ ಆರ್ಡರ್.
> 4. ರೇಟ್: 118ರ ರೇಟ್‌ನಲ್ಲಿ ನೀವು 6% ಕಡಿಮೆ ಹೇಳಿದ್ದೀರಿ, ನಾವು 8% ಕೇಳಿದ್ದೆವು. ನಮ್ಮ ಪ್ರಸ್ತಾಪ 7%.
> 5. ಡೈ ಖರ್ಚು: ಕೊಟೇಶನ್‌ನಲ್ಲಿ "ಡೈ ಚಾರ್ಜ್ ಬೇರೆ" ಎಂದಿದೆ, ಯಾರದು ಎಂದು ಮಾತಾಡಿಲ್ಲ. ನಮ್ಮ ಪ್ರಸ್ತಾಪ: ಅರ್ಧ ಅರ್ಧ.
> 6. ದಿನ: ನಾವು 27ಕ್ಕೆ ಕೈಗೆ ಬೇಕು ಎಂದೆವು, ನೀವು ಪೇಪರ್ ಬಂದರೆ 27ಕ್ಕೆ ಕಳಿಸುತ್ತೇವೆ ಎಂದಿರಿ. ನಮ್ಮ ಪ್ರಸ್ತಾಪ: ಮಾರ್ಚ್ 27ರ ಸಂಜೆ 5ರೊಳಗೆ ನಮ್ಮ ಗೋಡೌನ್‌ಗೆ ತಲುಪಬೇಕು. ಪೇಪರ್ ಬಂದಿದೆಯೇ?
> 7. ಹಣ: ಮುಂಗಡ 40% ಎಂದು ಬಂತು. ಬ್ಯಾಲೆನ್ಸ್ ನೀವು ಡೆಲಿವರಿ ಮುಂಚೆ ಎಂದಿರಿ, ನಾವು 30 ದಿನ ಎಂದಿದ್ದೆವು. ನಮ್ಮ ಪ್ರಸ್ತಾಪ: ಮಾಲು ತಲುಪಿ 10 ದಿನದೊಳಗೆ.
>
> ಇನ್ನೂ ಮಾತಾಡಿಲ್ಲ
> 8. ನಮ್ಮ ಪ್ರಸ್ತಾಪ: ಹೆಚ್ಚುಕಡಿಮೆ 5% ತನಕ ಆಗಬಹುದು. ತಲುಪಿದ ಸಂಖ್ಯೆಗೆ ಬಿಲ್.
> 9. ನಮ್ಮ ಪ್ರಸ್ತಾಪ: ಪ್ರೂಫ್ ನಮ್ಮ ಖರೀದಿ ಮ್ಯಾನೇಜರ್ ಮೇಲ್‌ನಲ್ಲಿ ಸರಿ ಎಂದ ಮೇಲೆ ಪ್ರಿಂಟಿಂಗ್.
>
> 11ರಂದು ನಾನು "ಶುರು ಮಾಡಿ" ಎಂದದ್ದನ್ನು ಈ ಮೇಲ್‌ಗೆ ನಿಮ್ಮ ಉತ್ತರ ಬರುವ ತನಕ ತಡೆಹಿಡಿಯಿರಿ. ಅಲ್ಲಿಯ ತನಕ ಡೈ ಮಾಡಿಸಬೇಡಿ. ಉತ್ತರ ಬಂದ ಮಾರನೇ ದಿನ ಮುಂಗಡ ಕಳಿಸುತ್ತೇವೆ.

ಇದರಲ್ಲಿ ಕೆಲವು ಆಯ್ಕೆಗಳ ಬಗ್ಗೆ ಹೇಳಬೇಕು. ತಮ್ಮ ಕಡೆಯ ಮಾತನ್ನು ಬರೆದ ಹಾಗೆಯೇ ಎದುರಿನವರು ಹೇಳಿದ್ದನ್ನೂ ಬರೆದಿದ್ದಾರೆ. "ಡೈ ಚಾರ್ಜ್ ಬೇರೆ" ಅನ್ನುವ ಸಾಲು ಕಂಪನಿಗೆ ಅನುಕೂಲವಲ್ಲ. ಆದರೂ ಅದನ್ನು ಮುಚ್ಚಿಡಲಿಲ್ಲ. ಇದು ಒಳ್ಳೆಯತನದ ಮಾತಲ್ಲ. ನಾಳೆ ಜಗಳವಾದರೆ ಈ ಮೇಲ್ ಜೊತೆ ಚಾಟ್ ಕೂಡ ಹೊರಬರುತ್ತದೆ. ಒಂದು ಸಾಲು ತಿರುಚಿದ್ದು ಕಂಡರೆ ಉಳಿದ ಎಂಟು ಸಾಲನ್ನೂ ಯಾರೂ ನಂಬುವುದಿಲ್ಲ.

ಹೊಸ ಪ್ರಸ್ತಾಪಗಳಿಗೆಲ್ಲ "ನಮ್ಮ ಪ್ರಸ್ತಾಪ" ಅಂತ ಹಣೆಪಟ್ಟಿ ಇದೆ. 7% ಅನ್ನುವುದು ಚಾಟ್‌ನಲ್ಲಿ ಎಲ್ಲೂ ಇರಲಿಲ್ಲ. ಅದನ್ನು ಒಪ್ಪಿದ್ದರ ಪಟ್ಟಿಯಲ್ಲಿ ನುಸುಳಿಸುವುದು ಸುಲಭವಿತ್ತು. ಹಾಗೆ ಮಾಡಿದ್ದರೆ ದಾಖಲೆಯೂ ಕೆಡುತ್ತಿತ್ತು, ಚೌಕಾಶಿಯೂ ಕೆಡುತ್ತಿತ್ತು.

"2 ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿದಿರಿ ಎಂದು ತಿಳಿಯುತ್ತೇವೆ" ಅನ್ನುವ ಸಾಲನ್ನು ಬೇಕೆಂದೇ ಬಿಟ್ಟರು. ಬಹಳ ಜನ ಅದನ್ನು ಬರೆದು ನೆಮ್ಮದಿಯಾಗಿ ಮಲಗುತ್ತಾರೆ. ವಿಯೆನ್ನಾ ಒಪ್ಪಂದದ 18ನೇ ವಿಧಿಯ ಪ್ರಕಾರ ಸುಮ್ನೆ ಇರುವುದು ತಾನಾಗಿಯೇ ಒಪ್ಪಿಗೆ ಆಗುವುದಿಲ್ಲ. ಜರ್ಮನಿಯಂಥ ಕಡೆ ವ್ಯಾಪಾರಿಗಳ ನಡುವೆ ಇಂಥ ಖಚಿತಪಡಿಸುವ ಪತ್ರಕ್ಕೆ ಬೇಗ ಆಕ್ಷೇಪ ಹೇಳದಿದ್ದರೆ ಅದೇ ಗಟ್ಟಿಯಾಗಬಹುದು. ಅಂದರೆ ಆ ಸಾಲಿನ ಬೆಲೆ ಎಲ್ಲಿ ಇದ್ದೀರಿ ಅನ್ನುವುದರ ಮೇಲೆ ನಿಂತಿದೆ. ಅದೂ ಅಲ್ಲದೆ ಇಲ್ಲಿ ಐದು ಸಾಲುಗಳು ತೀರ್ಮಾನವೇ ಆಗಿಲ್ಲ. ಆಗದ್ದಕ್ಕೆ ಮೌನದಿಂದ ಒಪ್ಪಿಗೆ ಬರುವುದು ಹೇಗೆ? ಮುಂಗಡವನ್ನು ಉತ್ತರಕ್ಕೆ ಕಟ್ಟಿಹಾಕಿದ್ದು ಇದಕ್ಕಿಂತ ಜೋರಾಗಿ ಕೆಲಸ ಮಾಡುತ್ತದೆ. ಉತ್ತರ ಕೊಡಲು ಈಗ ಪ್ರೆಸ್‌ಗೇ ಕಾರಣ ಇದೆ.

ಚಾಟ್ ಫೈಲನ್ನು ಮೇಲ್‌ಗೆ ಲಗತ್ತಿಸಲಿಲ್ಲ. ಅದರಲ್ಲಿ ಬೇರೆ ಆರ್ಡರ್‌ಗಳ ಮಾತು, ಇನ್ನೊಬ್ಬರ ಫೋನ್ ನಂಬರ್, ಮನೆಯ ವಿಷಯ ಎಲ್ಲ ಇರುತ್ತದೆ. ಅದು ಕಂಪನಿಯ ಫೋಲ್ಡರ್‌ನಲ್ಲಿ ಸ್ಕ್ರೀನ್‌ಶಾಟ್‌ಗಳ ಜೊತೆ ಉಳಿಯಿತು. ಲಗತ್ತಿಸಿದ್ದು ಡಿಸೈನ್ ಮತ್ತು ಕೊಟೇಶನ್ ಮಾತ್ರ.

ಉತ್ತರ ಬಂದದ್ದು ಚಾಟ್‌ನಲ್ಲೇ

ಮಾರನೇ ದಿನ ಬೆಳಿಗ್ಗೆ ಗುಂಪಿನಲ್ಲಿ ಮೆಸೇಜ್: "ಮೇಲ್ ನೋಡ್ದೆ ಸರ್. ಓಕೆ."

ಮ್ಯಾನೇಜರ್‌ಗೆ ಖುಷಿ. ಆದರೆ 6ನೇ ಸಾಲಿನಲ್ಲಿ ಒಂದು ಪ್ರಶ್ನೆ ಇತ್ತಲ್ಲ, ಪೇಪರ್ ಬಂದಿದೆಯೇ ಅಂತ? ಓಕೆ ಅನ್ನುವುದು ಅದಕ್ಕೆ ಉತ್ತರ ಅಲ್ಲ. ಮಾಲೀಕರು ಮೇಲ್ ತೆರೆದಿದ್ದರು, ಓದಿರಲಿಲ್ಲ. ಒಪ್ಪಿಗೆ ಕೇಳುವ ಮೇಲ್‌ನಲ್ಲಿ ಹೌದು ಅಥವಾ ಇಲ್ಲ ಅಂತ ಹೇಳಲೇಬೇಕಾದ ಒಂದು ಪ್ರಶ್ನೆ ಇದ್ದರೆ ಓದಿದ್ದು, ಓದದ್ದು ಹೀಗೆ ಗೊತ್ತಾಗುತ್ತದೆ. ಇನ್ನೊಂದು ಮೇಲ್ ಹಾಕುವುದರಲ್ಲಿ ಅರ್ಥವಿರಲಿಲ್ಲ. ಮ್ಯಾನೇಜರ್ ಫೋನ್ ಮಾಡಿದರು. ಮೇಲ್ ತೆರೆದಿಟ್ಟುಕೊಂಡು ಇಬ್ಬರೂ 3ರಿಂದ 9ರ ತನಕ ಒಂದೊಂದೇ ಸಾಲು ಓದಿದರು. 7% ಆಯಿತು. ಡೈ ಖರ್ಚು ಅರ್ಧ ಅರ್ಧಕ್ಕೆ ಒಪ್ಪಿದರು. ಹೆಚ್ಚುಕಡಿಮೆ, ಪ್ರೂಫ್ ತಕರಾರಿಲ್ಲ. ಪೇಪರ್ ಬಂದಿತ್ತು, ಆದರೆ 27ಕ್ಕೆ ತಲುಪಿಸಲು ಆಗುವುದಿಲ್ಲ ಅಂದರು. 27 ಹೊರಡುವ ದಿನವೇ, ತಲುಪುವುದು 28. ಬ್ಯಾಲೆನ್ಸ್‌ಗೆ 10 ದಿನ ಬೇಡ, 7 ದಿನ ಅಂದರು.

ಫೋನ್ ಇಟ್ಟ ಕೂಡಲೇ ಅದೇ ಮೇಲ್‌ಗೆ ಉತ್ತರವಾಗಿ ಚಿಕ್ಕ ಮೇಲ್ ಹೋಯಿತು. ಹೊಸ ಮೇಲ್ ಅಲ್ಲ, ಅದೇ ಸರಣಿಯಲ್ಲಿ:

> ಈಗ ಫೋನ್‌ನಲ್ಲಿ ಮಾತಾಡಿದ ಹಾಗೆ: ಸಾಲು 3, 4, 5, 8, 9 ಮೇಲ್‌ನಲ್ಲಿ ಇದ್ದಂತೆಯೇ. ಸಾಲು 6: ಮಾರ್ಚ್ 28ರ ಸಂಜೆ 5ರೊಳಗೆ ನಮ್ಮ ಗೋಡೌನ್‌ಗೆ, ಪೇಪರ್ ಬಂದಿದೆ. ಸಾಲು 7: ಮುಂಗಡ 40%, ಬ್ಯಾಲೆನ್ಸ್ ಮಾಲು ತಲುಪಿ 7 ದಿನದೊಳಗೆ. ಇದು ಸರಿ ಇದ್ದರೆ ಈ ಮೇಲ್‌ಗೇ "ಒಪ್ಪಿಗೆ" ಎಂದು ಉತ್ತರಿಸಿ. ಮುಂಗಡ ನಾಳೆ ಬರುತ್ತದೆ.

ಮಾಲೀಕರಿಂದ ಒಂದೇ ಪದದ ಮೇಲ್ ಬಂತು: "ಒಪ್ಪಿಗೆ." ಚಾಟ್‌ನ ಓಕೆಯೂ ಒಂದೇ ಪದ. ಆದರೆ ಈ ಪದದ ಕೆಳಗೆ ಅದು ಯಾವುದಕ್ಕೆ ಅನ್ನುವುದು ಪೂರ್ತಿ ಇದೆ.

ಆಮೇಲೂ ಚಾಟ್ ನಿಲ್ಲಲಿಲ್ಲ

ನಿಲ್ಲಿಸಲು ಹೋಗಲೂಬಾರದು. ಪ್ರೂಫ್ ಫೋಟೋ, ಲಾರಿ ಎಲ್ಲಿದೆ, ಯಾರು ಇಳಿಸಿಕೊಳ್ಳುತ್ತಾರೆ, ಇದಕ್ಕೆಲ್ಲ ಚಾಟ್ ಚೆನ್ನ. ಒಂಬತ್ತು ಸಾಲುಗಳಲ್ಲಿ ಯಾವುದಾದರೂ ಬದಲಾದರೆ ಮಾತ್ರ ಮೇಲ್. 20ನೇ ತಾರೀಖು ಮ್ಯಾನೇಜರ್ ಗುಂಪಿನಲ್ಲಿ "ಇನ್ನೊಂದು ಸಾವಿರ ಸೇರಿಸೋಕಾಗುತ್ತಾ ಸರ್?" ಅಂದರು. "ಆಗುತ್ತೆ ಸರ್" ಅಂತ ಬಂತು. ಅದೇ ಸರಣಿಯಲ್ಲಿ ಎರಡು ಸಾಲಿನ ಮೇಲ್ ಹೋಯಿತು: ಸಾಲು 3 ಈಗ 16,000, ಉಳಿದ ಸಾಲುಗಳು ಹಾಗೇ, ಸಾಲು 6ರ ದಿನ ಬದಲಾಗುತ್ತದೆಯೇ? ಬದಲಾಗುತ್ತದೆ ಅಂತ ಉತ್ತರ ಬಂತು. 15,000 ಮಾರ್ಚ್ 28ಕ್ಕೇ, ಉಳಿದದ್ದು ಏಪ್ರಿಲ್ 2ಕ್ಕೆ. ಚಾಟ್‌ನ "ಆಗುತ್ತೆ ಸರ್" ಒಳಗೆ ಈ ಏಪ್ರಿಲ್ 2 ಅಡಗಿ ಕೂತಿತ್ತು.

ಎರಡು ಕಂತಿನಲ್ಲಿ ಬಂದ ಬಾಕ್ಸ್ ಒಟ್ಟು 16,240. 5% ಒಳಗೇ ಇದೆ, 8ನೇ ಸಾಲಿನ ಪ್ರಕಾರ ಅಷ್ಟಕ್ಕೂ ಬಿಲ್. ಬಿಲ್‌ನಲ್ಲಿ ಮಾತ್ರ ರೇಟ್ 6% ಕಡಿಮೆ ಅಂತ ಇತ್ತು. ಪ್ರೆಸ್‌ನಲ್ಲಿ ಬಿಲ್ ಮಾಡುವವರು ಮಾಲೀಕರು 4ನೇ ತಾರೀಖು ಚಾಟ್‌ನಲ್ಲಿ ಹೇಳಿದ್ದನ್ನು ಹಿಡಿದುಕೊಂಡಿದ್ದರು. ಕಂಪನಿಯ ಅಕೌಂಟ್ಸ್‌ನವರು ವಾಟ್ಸಾಪ್ ಗುಂಪಿನಲ್ಲಿ ಇರಲೇ ಇಲ್ಲ. ಅವರ ಹತ್ತಿರ ಇದ್ದದ್ದು ಪ್ರತಿ ಹೋಗಿದ್ದ ಮೇಲ್. 4ನೇ ಸಾಲಿಗೆ ಬಿಲ್ ಹೊಂದುತ್ತಿಲ್ಲ ಅಂತ ಆ ಸರಣಿಯಲ್ಲೇ ಬರೆದರು. ಸಂಜೆಯೊಳಗೆ 7%ನ ಬಿಲ್ ಬಂತು. ಮ್ಯಾನೇಜರ್‌ಗೂ ಮಾಲೀಕರಿಗೂ ಈ ವಿಷಯ ಗೊತ್ತಾದದ್ದು ಬ್ಯಾಲೆನ್ಸ್ ಹೋದ ಮೇಲೆ.